890 ಇದ್ದರೆ ಸ್ವದೇಶಿಯೇ?

"ಬಾರ್‌ಕೋಡ್ 890ರಿಂದ ಶುರುವಾದರೆ ಸ್ವದೇಶಿ, ಕಣ್ಣು ಮುಚ್ಚಿ ಕೊಳ್ಳಿ" ಅನ್ನೋ ಫಾರ್ವರ್ಡ್ ಮತ್ತೆ ಓಡಾಡ್ತಿದೆ. ಕಣ್ಣು ಮುಚ್ಚುವ ಮೊದಲು ಒಂದು ಮ್ಯಾಗಿ ಪೊಟ್ಟಣ ತಿರುಗಿಸಿ ನೋಡಿ ಸ್ವಾಮಿ. ಅಂಕಿಗಳು 8901058 ಅಂತ ಶುರುವಾಗುತ್ತವೆ. ಇದರಲ್ಲಿ 890 ಅಂದರೆ ಸಂಖ್ಯೆ ಹಂಚಿದ್ದು ಜಿಎಸ್1 ಸಂಸ್ಥೆಯ ಭಾರತದ ಶಾಖೆ ಅಂತ, ಅಷ್ಟೇ. ಇಡೀ 8901058 ನೆಸ್ಲೆ ಇಂಡಿಯಾದ ಗುರುತು. ಆ ಕಂಪನಿಯ ಹೆಚ್ಚಿನ ಪಾಲು ಸ್ವಿಟ್ಜರ್ಲೆಂಡಿನ ನೆಸ್ಲೆಯದು! ಎಲ್ಲಿ ಹೋಯ್ತು ಸ್ವದೇಶಿ?

ಹಾಗಂತ ಎಲ್ಲದರಲ್ಲೂ ಮೊದಲ ಏಳು ಅಂಕಿ ಕತ್ತರಿಸಬೇಡಿ. ಕಂಪನಿ ಗುರುತಿನ ಉದ್ದ ಎಲ್ಲರಿಗೂ ಒಂದೇ ಅಲ್ಲ. ಪೂರ್ತಿ 13 ಅಂಕಿಗಳನ್ನು Verified by GS1 ತಾಣದಲ್ಲಿ ಹಾಕಿ ಹುಡುಕಿ. ಆಗಲೂ ಸಿಗೋದು ಸಂಖ್ಯೆ ಪಡೆದವರ ಹೆಸರೇ ಹೊರತು ತಯಾರಿಸಿದವರದ್ದಲ್ಲ. ಸೂಪರ್ ಮಾರ್ಕೆಟ್ಟಿನ ಸ್ವಂತ ಬ್ರಾಂಡಿನ ಬಿಸ್ಕತ್ತು ಇನ್ಯಾರದೋ ಕಾರ್ಖಾನೆಯಲ್ಲಿ ಬೆಂದಿರಬಹುದು, ಬಾರ್‌ಕೋಡ್ ಮಾತ್ರ ಅಂಗಡಿಯವರದು.

ತಯಾರಕರು ಯಾರು ಅಂತ ತಿಳಿಯಬೇಕಾದರೆ ಪಕ್ಕದ ಸಣ್ಣಕ್ಷರ ಓದಿ. ನಾಲ್ಕಾರು ವಿಳಾಸಗಳಿದ್ದರೆ, ಯಾವುದು ನಿಮ್ಮ ಪೊಟ್ಟಣದ್ದು ಅನ್ನೋದನ್ನು ಸಾಮಾನ್ಯವಾಗಿ ಬ್ಯಾಚ್ ನಂಬರಿನ ಅಕ್ಷರ ಹೇಳುತ್ತೆ. ಸ್ವದೇಶಿ ಬೇಕು ಅನ್ನೋರ ಜೊತೆ ನನಗೆ ಜಗಳವಿಲ್ಲ. ಓದೋ ಶ್ರಮ ಬೇಡ, ಮೂರು ಅಂಕಿ ಸಾಕು ಅನ್ನೋರ ಜೊತೆ ಖಂಡಿತ ಇದೆ.