‘ನೀವು ಮಾಡದಿದ್ದರೆ’ ಎಂದರೆ ಏನು ಮಾಡಬೇಕು?

ಊರಿನಲ್ಲಿರುವ ಅಮ್ಮನ ಮೊಬೈಲಿಗೆ ಸೋಮವಾರ ಬೆಳಿಗ್ಗೆ ಬ್ಯಾಂಕಿನ ಎಚ್ಚರಿಕೆ ಬಂತು ಎಂದುಕೊಳ್ಳಿ. ಇಂಥ ಸಂದೇಶಗಳು ಸಾಮಾನ್ಯವಾಗಿ ಹೀಗಿರುತ್ತವೆ:

```
Rs.18500.00 debited from A/c XX4321 by UPI.
If not done by you, SMS BLOCK 4321
from your registered mobile.
```

ಬೆಂಗಳೂರಿನಲ್ಲಿರುವ ಮಗ ಇದನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಿರುಗಿಸುತ್ತಾನೆ: ‘ನಿಮ್ಮ ಖಾತೆಯಿಂದ 18,500 ರೂ. ಡೆಬಿಟ್ ಆಗಿದೆ. ನೀವು ಮಾಡದಿದ್ದರೆ ಬ್ಲಾಕ್ ಎಂದು ಕಳಿಸಿ.’ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೂ ಅಮ್ಮನಿಗೆ ದಾರಿ ತಪ್ಪಬಹುದು.

ಕಾರಣ ‘ಮಾಡದಿದ್ದರೆ’ ಎಂಬ ಒಂದು ಪದ. ಕನ್ನಡದಲ್ಲಿ ಇದಕ್ಕೆ ಕಾಲದ ಗುರುತಿಲ್ಲ. ‘ಈ ಹಣವನ್ನು ಕಳಿಸಿದ್ದು ನೀವಲ್ಲವಾದರೆ’ ಎಂದೂ ಅರ್ಥವಾಗುತ್ತದೆ, ‘ಹೇಳಿದ ಕೆಲಸವನ್ನು ಮುಂದೆ ನೀವು ಮಾಡದೇ ಹೋದರೆ’ ಎಂದೂ ಅರ್ಥವಾಗುತ್ತದೆ. ಎರಡನೆಯದು ಬೆದರಿಕೆಯ ಧಾಟಿ. ‘ಕೆವೈಸಿ ಮಾಡದಿದ್ದರೆ ಖಾತೆ ಬ್ಲಾಕ್ ಆಗುತ್ತದೆ’ ಎಂದು ವಂಚಕರು ಕಳಿಸುವುದೂ ಇದೇ ಧಾಟಿಯಲ್ಲಿ. ಹೀಗಾಗಿ ನಿಜವಾದ ಎಚ್ಚರಿಕೆಯನ್ನು ಅಮ್ಮ ವಂಚನೆ ಎಂದು ಅಳಿಸಿಹಾಕಬಹುದು. ಇಲ್ಲವೇ, ಹಣವನ್ನು ತಾನೇ ಕಳಿಸಿದ್ದರೂ ಹೆದರಿ ಖಾತೆ ನಿಲ್ಲಿಸಿಬಿಡಬಹುದು. ‘ಮಾಡಿಲ್ಲದಿದ್ದರೆ’ ಎಂದು ಬರೆದರೆ ಗೊಂದಲ ತಗ್ಗುತ್ತದೆ ನಿಜ, ಆದರೆ ಗಾಬರಿಯಲ್ಲಿ ಓದುವವರಿಗೆ ಅಷ್ಟು ಸೂಕ್ಷ್ಮ ಕಣ್ಣಿಗೆ ಬೀಳುವುದಿಲ್ಲ. ‘ಈ ಹಣ ನೀವೇ ಕಳಿಸಿದಿರಾ?’ ಎಂದು ನೇರವಾಗಿ ಕೇಳುವುದೇ ಒಳ್ಳೆಯದು. ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ.

ಉಳಿದ ಪದಗಳ ವಿಷಯ ಇಷ್ಟು ತೊಡಕಲ್ಲ. ‘ಡೆಬಿಟ್’ ಎಂಬಲ್ಲಿ ‘ಹಣ ಹೋಗಿದೆ’, ‘ಕ್ರೆಡಿಟ್’ ಎಂಬಲ್ಲಿ ‘ಹಣ ಬಂದಿದೆ’ ಎಂದರೆ ಸಾಕು. ಆದರೆ BLOCK ಎಂಬುದನ್ನು ಮಾತ್ರ ಕನ್ನಡಕ್ಕೆ ತರಬಾರದು. ಅದನ್ನು ಓದುವುದು ಮನುಷ್ಯರಲ್ಲ, ಬ್ಯಾಂಕಿನ ಯಂತ್ರ. ಸಂದೇಶದಲ್ಲಿ ಇರುವಂತೆಯೇ ಇಂಗ್ಲಿಷ್ ಅಕ್ಷರದಲ್ಲಿ, ಖಾತೆಗೆ ಜೋಡಿಸಿದ ಮೊಬೈಲಿನಿಂದಲೇ ಅದು ಹೋಗಬೇಕು. ಮಗ ತನ್ನ ಫೋನಿನಿಂದ ಕಳಿಸಿದರೆ ಕೆಲಸವಾಗದು. ಆ ಪದ ಕಾರ್ಡನ್ನು ನಿಲ್ಲಿಸುತ್ತದೋ ಯುಪಿಐಯನ್ನೋ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆದ್ದರಿಂದ ಹಿರಿಯರಿಗೆ ಸಂದೇಶ ಟೈಪಿಸುವುದಕ್ಕಿಂತ ಫೋನ್ ಮಾಡುವುದೇ ಸುಲಭ.

ಮಾಡಬೇಕಾದ ಕರೆಗಳು ಎರಡು, ಎರಡರ ಕೆಲಸವೂ ಬೇರೆ ಬೇರೆ. ಬ್ಯಾಂಕಿಗೆ ಮಾಡುವ ಕರೆ ಖಾತೆಗೆ ಬೀಗ ಹಾಕಿಸಲು, ಇನ್ನಷ್ಟು ಹಣ ಹೋಗದಂತೆ ತಡೆಯಲು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡುವ ಕರೆ ಹೋದ ಹಣದ ಬೆನ್ನು ಹತ್ತಲು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಿರುವಾಗಲೇ ದೂರು ತಲುಪಿದರೆ, ಅದು ಸೇರಿದ ಖಾತೆಯಲ್ಲೇ ತಡೆಹಿಡಿಯಲು ಸಾಧ್ಯ. ಯಾರಾದರೂ ಎಟಿಎಂನಿಂದ ತೆಗೆದುಕೊಂಡ ಮೇಲೆ ಅದು ಬಲು ಕಷ್ಟ.

ಬೇಗ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರದಾಗಲೀ ಬ್ಯಾಂಕಿನದಾಗಲೀ ತಪ್ಪಿಲ್ಲದೆ ಮೂರನೆಯವರಿಂದ ಮೋಸ ನಡೆದಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊರೆಯಿಲ್ಲ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ನಮ್ಮ ಉದಾಹರಣೆಯಲ್ಲಿ ನಡುವೆ ರಜೆಯಿಲ್ಲದಿದ್ದರೆ ಗುರುವಾರದವರೆಗೆ ಅವಕಾಶವಿದೆ. ಅಮ್ಮ ಒಟಿಪಿಯನ್ನೋ ಪಿನ್ನನ್ನೋ ಯಾರಿಗಾದರೂ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ತಿಳಿಸಿದ ನಂತರದ್ದು ಬ್ಯಾಂಕಿನದು. ತಪ್ಪಾಗಿದೆ ಎಂದು ನಾಚಿ ಸುಮ್ಮನಿದ್ದಷ್ಟೂ ಹೊರೆ ಬೆಳೆಯುತ್ತದೆ.

ಹಾಗಾದರೆ ಅನುವಾದ ಹೀಗಿರಬಹುದು: ‘ಕೊನೆಗೆ 4321 ಇರುವ ನಿಮ್ಮ ಖಾತೆಯಿಂದ 18,500 ರೂಪಾಯಿ ಹೋಗಿದೆ. ಈ ಹಣ ನೀವೇ ಕಳಿಸಿದಿರಾ? ಹೌದಾದರೆ ಏನೂ ಮಾಡಬೇಡಿ. ಇಲ್ಲವಾದರೆ ಈಗಲೇ ಬ್ಯಾಂಕಿಗೆ ಫೋನ್ ಮಾಡಿ. ಅದಾದ ಕೂಡಲೇ 1930ಕ್ಕೆ ಫೋನ್ ಮಾಡಿ. ಒಟಿಪಿ, ಪಿನ್ ಯಾರಿಗೂ ಹೇಳಬೇಡಿ.’

ಬ್ಯಾಂಕುಗಳೇ ಹೀಗೆ ಬರೆಯಬಾರದೇ ಎಂದು ಕೇಳಬಹುದು. ಒಂದು ಅಡ್ಡಿ ಇದೆ: ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ, ಕನ್ನಡದಲ್ಲಿ ಹಿಡಿಸುವುದು 70 ಮಾತ್ರ, ಅದರಲ್ಲೂ ಕಾಗುಣಿತ, ಒತ್ತುಗಳು ಬೇರೆಯಾಗಿ ಎಣಿಕೆಯಾಗುತ್ತವೆ. ಉದ್ದವಾದರೆ ಎರಡು ಮೂರು ಸಂದೇಶಗಳ ಖರ್ಚು. ಗ್ರಾಹಕರ ಹಣ ಉಳಿಸುವ ಸಂದೇಶಕ್ಕೆ ಅಷ್ಟು ಖರ್ಚು ಹೆಚ್ಚಲ್ಲ ಎಂದು ನನಗನಿಸುತ್ತದೆ.

ಅಲ್ಲಿಯವರೆಗೆ ಈ ಕೆಲಸ ಮಕ್ಕಳದು. ಕಾರ್ಡಿನ ಹಿಂಭಾಗ ಅಥವಾ ಪಾಸ್‌ಬುಕ್ಕಿನಲ್ಲಿರುವ ಬ್ಯಾಂಕಿನ ನಂಬರನ್ನು, ಕೆಳಗೆ 1930ನ್ನು ದಪ್ಪ ಅಕ್ಷರದಲ್ಲಿ ಬರೆದು ಪಾಸ್‌ಬುಕ್ಕಿನ ರಟ್ಟಿನ ಒಳಗೆ ಅಂಟಿಸಿ. ನಕಲಿ ಸಂದೇಶದಲ್ಲಿ ನಂಬರೂ ನಕಲಿಯೇ ಇರುತ್ತದೆ. ಹಾಗಾಗಿ ಯಾವ ಸಂದೇಶ ಬಂದರೂ ಫೋನ್ ಮಾಡಬೇಕಾದದ್ದು ಆ ಚೀಟಿ ನೋಡಿಯೇ ಎಂದು ಹೇಳಿಕೊಡಿ.