ವೈವಾದಲ್ಲಿ ಪ್ರಶ್ನೆ ನಮ್ಮ ರೀಡಿಂಗ್ ಮೇಲಿರಲಿ

ದ್ವಿತೀಯ ಪಿಯುಸಿ ವಿಜ್ಞಾನ ಓದಿದವರಿಗೆಲ್ಲ ಈ ಪ್ರಶ್ನೋತ್ತರ ಬಾಯಿಪಾಠ. ‘ಬ್ಯುರೆಟ್‌ನ ಲೀಸ್ಟ್ ಕೌಂಟ್ ಎಷ್ಟು?’ ‘0.1 ಮಿ.ಲೀ. ಸರ್.’ ‘ಇಲ್ಲಿ ಇಂಡಿಕೇಟರ್ ಯಾವುದು?’ ‘ಪರ್ಮಾಂಗನೇಟೇ ಸೆಲ್ಫ್ ಇಂಡಿಕೇಟರ್ ಸರ್.’ ‘ಎಂಡ್ ಪಾಯಿಂಟ್?’ ‘ತಿಳಿ ಗುಲಾಬಿ ಬಣ್ಣ.’ ಅಲ್ಲಿಗೆ ವೈವಾ ಮುಗಿಯಿತು, ಮುಂದಿನವರು ಬರಬೇಕು. ಈಗ ಬಿಇ ಲ್ಯಾಬ್‌ಗಳಲ್ಲೂ ಇದೇ ಧಾಟಿ ನೋಡುತ್ತಿರುವ ನನ್ನ ತಕರಾರು ಇಷ್ಟೇ: ಪ್ರಯೋಗ ಮಾಡದವರೂ ಈ ಉತ್ತರಗಳನ್ನು ಹೇಳಬಲ್ಲರು. ವಿದ್ಯಾರ್ಥಿಯ ಕೈಯಲ್ಲಿರುವ ಹಾಳೆಯಲ್ಲಿ ಅವನೇ ಬರೆದ ರೀಡಿಂಗ್ ಇರುತ್ತದೆ. ಅದರ ಬಗ್ಗೆ ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಪ್ರಯೋಗವನ್ನೇ ತೆಗೆದುಕೊಳ್ಳೋಣ. ಪಿಪೆಟ್‌ನಿಂದ 10 ಮಿ.ಲೀ. ಮೋರ್ ಸಾಲ್ಟ್ ದ್ರಾವಣವನ್ನು ಕೋನಿಕಲ್ ಫ್ಲಾಸ್ಕ್‌ಗೆ ಹಾಕಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬ್ಯುರೆಟ್‌ನಿಂದ ಪರ್ಮಾಂಗನೇಟ್ ಬಿಡುತ್ತೇವೆ. ಮೋರ್ ಸಾಲ್ಟ್ 0.1 ಮೋಲಾರ್ ಇದ್ದು, ಬ್ಯುರೆಟ್‌ನಲ್ಲಿ 9.8 ಮಿ.ಲೀ. ಖರ್ಚಾಯಿತು ಎನ್ನಿ. ಒಂದು ಪರ್ಮಾಂಗನೇಟ್ ಅಯಾನು ಐದು ಫೆರಸ್ ಅಯಾನುಗಳನ್ನು ಉತ್ಕರ್ಷಿಸುವುದರಿಂದ, 0.1ನ್ನು 10ರಿಂದ ಗುಣಿಸಿ, 5 ಮತ್ತು 9.8ರ ಗುಣಲಬ್ಧದಿಂದ ಭಾಗಿಸಬೇಕು. ಕ್ಯಾಲ್ಕ್ಯುಲೇಟರ್ 0.0204081 ಎಂದು ತೋರಿಸುತ್ತದೆ. ಬಹಳ ಮಂದಿ ಅಷ್ಟನ್ನೂ ಹಾಗೆಯೇ ಇಳಿಸುತ್ತಾರೆ.

ವೈವಾದ ಮೊದಲ ಪ್ರಶ್ನೆ ಇಲ್ಲಿ ಹುಟ್ಟಬೇಕು: ‘ಇದರಲ್ಲಿ ಎಷ್ಟು ಅಂಕಿಗಳನ್ನು ನೀನು ನಿಜವಾಗಿ ಅಳೆದಿದ್ದೀಯ?’ ಬ್ಯುರೆಟ್‌ನಲ್ಲಿ ಎರಡು ಗೆರೆಗಳ ಅಂತರ 0.1 ಮಿ.ಲೀ. ಕಣ್ಣಂದಾಜಿನಲ್ಲಿ ಅದರ ಅರ್ಧದಷ್ಟು, ಅಂದರೆ 0.05 ಮಿ.ಲೀ. ಆಚೀಚೆ ಆಗಬಹುದು. ಆದರೆ ನಾವು ಓದುವುದು ಒಮ್ಮೆಯಲ್ಲ, ಆರಂಭದಲ್ಲಿ ಒಮ್ಮೆ, ಕೊನೆಗೆ ಒಮ್ಮೆ. ಎರಡೂ ಸೇರಿದರೆ ಹೆಚ್ಚೆಂದರೆ 0.1 ಮಿ.ಲೀ. ವ್ಯತ್ಯಾಸ. 9.8ರಲ್ಲಿ 0.1 ಎಂದರೆ ಸುಮಾರು ಶೇ 1. ಹಾಗಾಗಿ ಉತ್ತರವನ್ನು 0.0204 ಎಂದಷ್ಟೇ ಬರೆಯಬಹುದು, ಅದರ ಕೊನೆಯ ಅಂಕಿಯೂ ಎರಡರಷ್ಟು ಆಚೀಚೆ ಇರಬಹುದು. ಆಮೇಲಿನ 081 ಕ್ಯಾಲ್ಕ್ಯುಲೇಟರ್ ಕೊಟ್ಟದ್ದೇ ಹೊರತು ಬ್ಯುರೆಟ್ ಕೊಟ್ಟದ್ದಲ್ಲ. ಲೀಸ್ಟ್ ಕೌಂಟ್ ಎಷ್ಟೆಂದು ಹೇಳಬಲ್ಲವನಿಗೆ ಅದು ತನ್ನ ಉತ್ತರಕ್ಕೆ ಏನು ಮಾಡುತ್ತದೆ ಎಂದು ಗೊತ್ತಿಲ್ಲದಿದ್ದರೆ, ಆ ಉತ್ತರಕ್ಕೆ ಅಂಕ ಏಕೆ?

ಇದೇ ವಿಷಯ ಭೌತವಿಜ್ಞಾನದ ಲ್ಯಾಬ್‌ನಲ್ಲೂ ಬರುತ್ತದೆ, ಆದರೆ ಎರಡನ್ನೂ ಜೋಡಿಸಿ ಯಾರೂ ಕೇಳುವುದಿಲ್ಲ. ಸರಳ ಲೋಲಕದಲ್ಲಿ ಒಂದರ ಬದಲು 20 ಆಂದೋಲನಗಳ ಕಾಲ ಅಳೆಯುವುದೇಕೆ? ಒಂದು ಮೀಟರ್ ಉದ್ದದ ಲೋಲಕ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸ್ಟಾಪ್‌ವಾಚ್ ಒತ್ತುವಾಗ ನಮ್ಮ ಕೈ 0.2 ಸೆಕೆಂಡ್ ತಡಮಾಡಿದರೆ ಅದು ಶೇ 10ರ ದೋಷ. ಅದೇ ತಡ 40 ಸೆಕೆಂಡಿನಲ್ಲಿ ಶೇ 0.5 ಮಾತ್ರ. ಟೈಟ್ರೇಶನ್‌ನಲ್ಲೂ ಹಾಗೆಯೇ. 10 ಮಿ.ಲೀ. ಬದಲು 20 ಮಿ.ಲೀ. ಪಿಪೆಟ್ ಬಳಸಿದರೆ ಬ್ಯುರೆಟ್‌ನಲ್ಲಿ 19.6 ಮಿ.ಲೀ. ಖರ್ಚಾಗುತ್ತದೆ, ಅದೇ 0.1 ಮಿ.ಲೀ. ಈಗ ಅರ್ಧ ಪ್ರತಿಶತಕ್ಕೆ ಇಳಿಯುತ್ತದೆ. ಇದನ್ನು ತಾನಾಗಿ ಹೇಳಿದ ವಿದ್ಯಾರ್ಥಿಗೆ ಎರಡೂ ಲ್ಯಾಬ್ ಅರ್ಥವಾಗಿವೆ ಎಂದು ಧೈರ್ಯವಾಗಿ ಅಂಕ ಕೊಡಬಹುದು.

ಎರಡನೆಯ ಪ್ರಶ್ನೆ ನಮ್ಮ ಟೇಬಲ್‌ನಲ್ಲಿ ಸಾಲಾಗಿ ಕಾಣುವ 9.8, 9.8, 9.8ರ ಬಗ್ಗೆ. ಮೂರೂ ಒಂದೇ ಬಂದರೆ ಸರಿ ಬಂದಂತೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕಾಗಿಯೇ ಎರಡನೆಯ ರೀಡಿಂಗ್ ಬಂದ ಕೂಡಲೇ ಮೂರನೆಯದನ್ನು ಕುಳಿತಲ್ಲೇ ಬರೆದುಬಿಡುವವರು ಎಲ್ಲ ಬ್ಯಾಚ್‌ಗಳಲ್ಲೂ ಇದ್ದಾರೆ. ಪರೀಕ್ಷಕರು ಕೇಳಬೇಕಾದದ್ದು: ‘ಮೂರೂ ಒಂದೇ ಬಂದಿದ್ದರೂ ಉತ್ತರ ತಪ್ಪಾಗಿರಬಹುದೇ?’

ಖಂಡಿತ ಆಗಿರಬಹುದು. ಒಬ್ಬ ವಿದ್ಯಾರ್ಥಿನಿಗೆ ತಿಳಿ ಗುಲಾಬಿ ಸರಿಯಾಗಿ ಕಾಣದೆ, ಗಾಢ ಗುಲಾಬಿ ಬರುವವರೆಗೂ ಬಿಡುವ ಅಭ್ಯಾಸ ಇದೆ ಎನ್ನಿ. ಆಕೆಗೆ ಮೂರು ಸಲವೂ 10.1 ಬರುತ್ತದೆ. ರೀಡಿಂಗ್‌ಗಳು ಅಚ್ಚುಕಟ್ಟಾಗಿ ಹೊಂದುತ್ತವೆ, ಉತ್ತರ ಮಾತ್ರ 0.0204ರ ಬದಲು 0.0198. ಸುಮಾರು ಶೇ 3ರ ದೋಷ! ಇದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುವ ದೋಷವಲ್ಲ. ಪ್ರತಿ ಸಲವೂ ಒಂದೇ ಕಡೆಗೆ ಎಳೆಯುವ ವ್ಯವಸ್ಥಿತ ದೋಷ. ಮೂರಲ್ಲ, ಮೂವತ್ತು ಸಲ ಮಾಡಿ ಸರಾಸರಿ ತೆಗೆದರೂ ಹೋಗುವುದಿಲ್ಲ. ಸರಿಯಾಗಿ ಮಾಡಿದವರಲ್ಲೂ ಇದರ ಸಣ್ಣ ಅಂಶ ಉಳಿದಿರುತ್ತದೆ. ಫೆರಸ್ ಎಲ್ಲ ಮುಗಿದ ಮೇಲೆ ಸ್ವಲ್ಪವಾದರೂ ಹೆಚ್ಚುವರಿ ಪರ್ಮಾಂಗನೇಟ್ ಬೀಳದೆ ಬಣ್ಣ ಕಾಣುವುದೇ ಇಲ್ಲ. ಅಂದರೆ ನಮ್ಮ ಎಂಡ್ ಪಾಯಿಂಟ್ ನಿಜವಾದ ಸಮಾನತಾ ಬಿಂದುವಿಗಿಂತ ಯಾವಾಗಲೂ ತುಸು ಮುಂದೆ. ಒಂದು ಹನಿ ಸುಮಾರು 0.05 ಮಿ.ಲೀ. ಕೊನೆಯಲ್ಲಿ ಅರ್ಧ ಹನಿಯನ್ನು ಬ್ಯುರೆಟ್ ತುದಿಯಲ್ಲೇ ನಿಲ್ಲಿಸಿ, ಫ್ಲಾಸ್ಕ್‌ನ ಒಳಗೋಡೆಗೆ ತಾಗಿಸಿ, ಡಿಸ್ಟಿಲ್ಡ್ ವಾಟರ್‌ನಿಂದ ಕೆಳಗೆ ತೊಳೆಯುವುದು ಇದೇ ಕಾರಣಕ್ಕೆ.

ಮೂರನೆಯದು, ‘ಪರ್ಮಾಂಗನೇಟ್‌ನಲ್ಲಿ ಮೇಲಿನ ಮೆನಿಸ್ಕಸ್ ಏಕೆ ಓದುತ್ತೀರಿ?’ ಎಂಬ ಹಳೆಯ ಪ್ರಶ್ನೆ. ‘ದ್ರಾವಣ ಗಾಢ ಬಣ್ಣದ್ದು, ಕೆಳಗಿನ ಅಂಚು ಕಾಣುವುದಿಲ್ಲ’ ಎಂಬಲ್ಲಿಗೆ ಎಲ್ಲರೂ ನಿಲ್ಲುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಿ, ‘ಹಾಗೆ ಓದಿದರೆ ಉತ್ತರ ಕೆಡುವುದಿಲ್ಲವೇ?’ ಎಂದು ಕೇಳಿದರೆ ನಿಜವಾದ ವೈವಾ ಶುರುವಾಗುತ್ತದೆ. ಕೆಡುವುದಿಲ್ಲ, ಏಕೆಂದರೆ ಆರಂಭದಲ್ಲೂ ಕೊನೆಯಲ್ಲೂ ಮೇಲಂಚನ್ನೇ ಓದಿದ್ದೇವೆ. ನಮಗೆ ಬೇಕಾದದ್ದು ಎರಡರ ವ್ಯತ್ಯಾಸ, ಅದರಲ್ಲಿ ಸಮಾನವಾದ ದೋಷ ಕಳೆದುಹೋಗುತ್ತದೆ. ಆದರೆ ಬ್ಯುರೆಟ್ ತುದಿಯಲ್ಲಿ ಗಾಳಿಗುಳ್ಳೆ ಇದ್ದರೆ ಹೀಗಾಗುವುದಿಲ್ಲ. ಆರಂಭದಲ್ಲಿದ್ದ ಗುಳ್ಳೆ ನಡುವೆ ಹೊರಟುಹೋದರೆ ಆ ಜಾಗವನ್ನು ದ್ರಾವಣ ತುಂಬುತ್ತದೆ. ಫ್ಲಾಸ್ಕ್‌ಗೆ ಬೀಳದ ದ್ರಾವಣವನ್ನೂ ನಾವು ಖರ್ಚಿನ ಲೆಕ್ಕಕ್ಕೆ ಸೇರಿಸಿರುತ್ತೇವೆ. ಗುಳ್ಳೆ 0.2 ಮಿ.ಲೀ. ಇದ್ದರೆ ಶೇ 2ರ ದೋಷ. ಎರಡೂ ಕಡೆ ಇರುವ ದೋಷ ಕಳೆದುಹೋಗುತ್ತದೆ, ಒಂದೇ ಕಡೆ ಇರುವುದು ಉಳಿಯುತ್ತದೆ. ಇಷ್ಟು ಹೇಳಲು ಯಾವ ಗೈಡ್ ಪುಸ್ತಕವೂ ಬೇಡ, ಬ್ಯುರೆಟ್ ಹಿಡಿದ ಅನುಭವ ಸಾಕು.

ಒಂದು ಬ್ಯಾಚ್‌ನಲ್ಲಿ ಅಷ್ಟೊಂದು ಮಕ್ಕಳಿರುವಾಗ ಇದಕ್ಕೆಲ್ಲ ಪುರುಸೊತ್ತು ಎಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಆ ಕಷ್ಟ ನಿಜ. ಆದರೆ ಐದು ವ್ಯಾಖ್ಯೆ ಕೇಳುವ ಸಮಯದಲ್ಲಿ ರೀಡಿಂಗ್ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದರೂ ಸಾಕಲ್ಲವೇ? ಪ್ರತಿಯೊಬ್ಬರ ರೀಡಿಂಗ್ ಬೇರೆಯಾದ್ದರಿಂದ ಉತ್ತರವೂ ಬೇರೆಯಾಗುತ್ತದೆ, ಒಳಗೆ ಹೋಗಿ ಬಂದವರು ಹೊರಗೆ ಕಾದವರಿಗೆ ಹೇಳಿಕೊಡಲು ಆಗುವುದಿಲ್ಲ.

ಇದರ ಜತೆ ಇನ್ನೊಂದು ಬದಲಾವಣೆಯೂ ಬೇಕು. ‘ಸರಿ’ ಉತ್ತರಕ್ಕೆ ಹತ್ತಿರ ಬಂದಷ್ಟೇ ಅಂಕ ಎಂಬ ಭಯ ಇರುವವರೆಗೆ ರೀಡಿಂಗ್ ತಿದ್ದುವ ಚಾಳಿ ನಿಲ್ಲದು. 9.7, 9.9, 9.8 ಎಂದು ಕಂಡದ್ದನ್ನು ಕಂಡಂತೆ ಬರೆದು, ‘ಈ ವ್ಯತ್ಯಾಸ ನನ್ನ ಬ್ಯುರೆಟ್‌ನ ಮಿತಿಯೊಳಗೇ ಇದೆ’ ಎಂದು ವಿವರಿಸುವ ವಿದ್ಯಾರ್ಥಿಗೆ, ಮೂರು ಒಂದೇ ಸಂಖ್ಯೆ ಬರೆದು ಸುಮ್ಮನೆ ನಿಂತವನಿಗಿಂತ ಹೆಚ್ಚು ಅಂಕ ಸಿಗಬೇಕು.