ಬಾಡಿಗೆ ಇಳಿಸಿದರೆ ಬುಧವಾರ ಯಾರೂ ಬೆಟ್ಟ ಹತ್ತಲ್ಲ

'ರೂಮು ಖಾಲಿ ಇದ್ದರೆ ಬಾಡಿಗೆ ಇಳಿಸಿ. ವರ್ಷಕ್ಕೆ ಶೇ 60 ತುಂಬಲೇಬೇಕು.' ಹೋಂಸ್ಟೇ ಶುರು ಮಾಡಿದವರಿಗೆ ಎಲ್ಲ ಕಡೆಯಿಂದಲೂ ಸಿಗುವ ಉಪದೇಶ ಇದು. ಕೊಡಗಿಗೋ ಚಿಕ್ಕಮಗಳೂರಿಗೋ ಇದು ಹೊಂದಬಹುದು. ಮಧುಗಿರಿಯಲ್ಲಿ ಇದನ್ನು ನಂಬಿದವರು ಮನೆ ತುಂಬಿಸಿಕೊಂಡೇ ನಷ್ಟ ಮಾಡಿಕೊಳ್ಳುತ್ತಾರೆ ಎಂಬುದು ನಮ್ಮ ವಾದ.

ಕಾರಣ ದೂರದಲ್ಲಿದೆ. ಮಧುಗಿರಿ ಬೆಂಗಳೂರಿಗೆ ಸುಮಾರು 100 ಕಿ.ಮೀ. ಏಕಶಿಲಾ ಬೆಟ್ಟ ಹತ್ತಲು ಬರುವವರು ನಸುಕಿನಲ್ಲಿ ಹೊರಟು, ಕೋಟೆ ನೋಡಿ, ಸಂಜೆಗೆ ಮನೆ ಸೇರಬಹುದು. ರಾತ್ರಿ ಉಳಿಯುವವರು ಹೆಚ್ಚಾಗಿ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಹತ್ತಬೇಕೆನ್ನುವವರು. ಅಂದರೆ ನಮಗೆ ಸಿಗುವುದು ಶನಿವಾರದ ರಾತ್ರಿ, ಸ್ವಲ್ಪ ಮಟ್ಟಿಗೆ ಶುಕ್ರವಾರದ ರಾತ್ರಿ. ಏಪ್ರಿಲ್ ಬಿಸಿಲಿಗೆ ಬಂಡೆ ಕಾದಾಗ, ಮಳೆಗೆ ಜಾರುವಾಗ ಅದೂ ಕಡಿಮೆ.

ಎರಡು ರೂಮಿನ ಒಂದು ಮನೆ ಇಟ್ಟುಕೊಂಡು ಲೆಕ್ಕ ಹಾಕೋಣ. ಒಂದು ರೂಮು ಒಂದು ರಾತ್ರಿ ಬಾಡಿಗೆಗೆ ಹೋದರೆ ಅದು ಒಂದು ಲೆಕ್ಕ. ವರ್ಷಕ್ಕೆ ಅಂಥವು 730. ಶೇ 60 ಎಂದರೆ 438. ವರ್ಷದ ಎಲ್ಲ ಶುಕ್ರವಾರ, ಶನಿವಾರಗಳನ್ನೂ ಸೇರಿಸಿದರೆ ಸಿಗುವುದು 208 ಮಾತ್ರ. ಒಂದನ್ನೂ ಬಿಡದೆ ತುಂಬಿಸಿದರೂ ಶೇ 29 ಮುಟ್ಟುವುದಿಲ್ಲ. ಹಾಗಾದರೆ ಶೇ 60ರ ಗುರಿ ಕೊಟ್ಟವರು ಉಳಿದ 230 ರಾತ್ರಿಗೆ ಜನರನ್ನು ಎಲ್ಲಿಂದ ತರುತ್ತಾರೆ?

ಈಗ ಬಾಡಿಗೆಗೆ ಬರೋಣ. ಸಾಲದ ಕಂತು, ಕರೆಂಟು, ಇಂಟರ್ನೆಟ್, ಸುಣ್ಣಬಣ್ಣ ಸೇರಿ ಜನ ಬಂದರೂ ಬರದಿದ್ದರೂ ತಿಂಗಳಿಗೆ 9,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,08,000. ಒಂದು ರೂಮಿಗೆ ಜನ ಬಂದಾಗ ಹಾಸಿಗೆ ಬಟ್ಟೆ ಒಗೆಯುವುದು, ಇಬ್ಬರಿಗೆ ಬೆಳಗಿನ ತಿಂಡಿ, ಗುಡಿಸಿ ಒರೆಸುವವರ ಕೂಲಿ ಸೇರಿ 400. ಬುಕಿಂಗ್ ಆ್ಯಪ್‌ನ ಕಮಿಷನ್ ಶೇ 15 ಎಂದುಕೊಳ್ಳೋಣ.

ಬಾಡಿಗೆ 1,500 ಇದ್ದರೆ ಕಮಿಷನ್ 225, ಖರ್ಚು 400 ಕಳೆದು ಕೈಯಲ್ಲಿ ಉಳಿಯುವುದು 875. ಅಸಲು ಹುಟ್ಟಲು 124 ರಾತ್ರಿ ಬೇಕು. ಅದನ್ನೇ 1,000ಕ್ಕೆ ಇಳಿಸಿದರೆ ಉಳಿಯುವುದು 450. ಆಗ 240 ರಾತ್ರಿ ಬೇಕು. ಬಾಡಿಗೆ ಇಳಿದದ್ದು ಮೂರರಲ್ಲಿ ಒಂದು ಪಾಲು, ದುಡಿಮೆ ಹೆಚ್ಚಿದ್ದು ಹೆಚ್ಚುಕಡಿಮೆ ಎರಡು ಪಟ್ಟು. ನಮ್ಮಲ್ಲಿರುವ ವಾರಾಂತ್ಯದ ರಾತ್ರಿಗಳೇ 208. ಎಲ್ಲವೂ ತುಂಬಿದರೂ ಅಸಲು ಹುಟ್ಟುವುದಿಲ್ಲ. ಆ ಹೆಚ್ಚಿನ ದುಡಿಮೆ ಯಾರದ್ದು? ಹಾಸಿಗೆ ಬಟ್ಟೆ ಒಗೆಯುವ, ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ ಮಾಡುವ ಮನೆಯ ಹೆಂಗಸರದ್ದು. ಅವರ ಕೂಲಿಯನ್ನು ಖರ್ಚಿನಲ್ಲಿ ಬರೆಯದ ಕಾರಣಕ್ಕೇ ಎಷ್ಟೋ ಮನೆಗಳಲ್ಲಿ ಲಾಭ ಇದ್ದಂತೆ ಕಾಣುತ್ತದೆ.

'ಖಾಲಿ ಬಿಡುವುದಕ್ಕಿಂತ 450 ಸಿಕ್ಕರೂ ಲಾಭವೇ ಅಲ್ಲವೇ?' ಎನ್ನುತ್ತೀರಿ. ಆ ಬಾಡಿಗೆಯಿಂದಲೇ ಹೊಸಬರು ಬಂದರೆ ಲಾಭವೇ. ಆದರೆ 500 ರೂಪಾಯಿ ಉಳಿಯುತ್ತದೆಂದು ಯಾರೂ ಬುಧವಾರ ರಜೆ ಹಾಕಿ ಬೆಟ್ಟ ಹತ್ತುವುದಿಲ್ಲ. ಇಳಿಸಿದ ಬಾಡಿಗೆ ಸಿಗುವುದು ಹೇಗೂ ಬರುತ್ತಿದ್ದ ಶನಿವಾರದವರಿಗೆ.

ವಾರದ ನಡುವಿನ ರಾತ್ರಿಗೆ ಬೇರೆ ಜನ ಇದ್ದಾರೆ, ಅವರನ್ನು ಊರಿಗೆ ತಕ್ಕಂತೆ ಹುಡುಕಬೇಕು. ಪಾವಗಡದಲ್ಲಿ ಶನಿಮಹಾತ್ಮನ ದರ್ಶನಕ್ಕೆ ಶನಿವಾರ ಬೆಳಿಗ್ಗೆ ನಿಲ್ಲುವವರಿಗೆ ಬೇಕಾದ್ದು ಶುಕ್ರವಾರದ ರಾತ್ರಿ. ಕೊರಟಗೆರೆ ಕಡೆ ಗೊರವನಹಳ್ಳಿ ಮಹಾಲಕ್ಷ್ಮಿಗೆ ಶುಕ್ರವಾರ ಬರುವವರಿಗೆ ಗುರುವಾರದ ರಾತ್ರಿ. ಶಿರಾದಲ್ಲಿ ಹೆದ್ದಾರಿಯ ಪ್ರಯಾಣಿಕರಿಗೆ ವಾರವೇ ಇಲ್ಲ. ನಾಲ್ಕು ಊರಿಗೂ ಒಂದೇ 'ವೀಕೆಂಡ್ ರೇಟು' ಹಾಕುವುದು ತಪ್ಪು.

ರಿಯಾಯಿತಿ ಕೊಡಲೇಬೇಕೆಂದರೆ ದಿನಕ್ಕಲ್ಲ, ಉಳಿಯುವ ರಾತ್ರಿಗಳ ಲೆಕ್ಕಕ್ಕೆ ಕೊಡಿ. ಪಾವಗಡದ ತಿರುಮಣಿ ಸೋಲಾರ್ ಪಾರ್ಕಿಗೆ ಕೆಲಸಕ್ಕೆ ಬಂದವರೊಬ್ಬರು ನೇರವಾಗಿ ಫೋನ್ ಮಾಡಿ ನಾಲ್ಕು ರಾತ್ರಿ ಉಳಿದರೆ ಕಮಿಷನ್ ಇಲ್ಲ, ಬಟ್ಟೆ ಒಗೆಯುವುದು ಒಮ್ಮೆ, ತಿಂಡಿ ಒಬ್ಬರಿಗೆ. ರಾತ್ರಿಗೆ 250 ಖರ್ಚಾದರೆ 1,000 ಬಾಡಿಗೆಯಲ್ಲೂ 750 ಉಳಿಯುತ್ತದೆ. ಅದೇ 1,000ಕ್ಕೆ ಆ್ಯಪ್‌ನಲ್ಲಿ ಉಳಿದದ್ದು 450.

ಬಾಡಿಗೆ ಸರಿಯಿದೆಯೋ ಇಲ್ಲವೋ ತಿಳಿಯಲು ಒಂದು ನೋಟ್‌ಬುಕ್ ಸಾಕು. ಯಾವ ರಾತ್ರಿಗೆ ಯಾವತ್ತು ಬುಕಿಂಗ್ ಬಂತು, ಕೇಳಿ ಬಿಟ್ಟವರು ಯಾಕೆ ಬಿಟ್ಟರು ಎಂದು ಬರೆದಿಡಿ. ಚಳಿಗಾಲದಲ್ಲಿ ಶನಿವಾರದ ಎರಡೂ ರೂಮು ಸೋಮವಾರವೇ ಹೋಗುತ್ತಿದ್ದರೆ ನಿಮ್ಮ ಬಾಡಿಗೆ ಕಡಿಮೆ. 200 ಏರಿಸಿ ನೋಡಿ. ಅದೇ ಚಳಿಗಾಲದಲ್ಲಿ ಸಾಲಾಗಿ ಮೂರು ಶನಿವಾರ ಖಾಲಿ ಉಳಿದು, ಬಿಟ್ಟವರೆಲ್ಲ ದುಡ್ಡಿನ ಮಾತೇ ಆಡಿದ್ದರೆ ಆಗ ಇಳಿಸಿ. ಮೇ ತಿಂಗಳಲ್ಲಿ ಖಾಲಿ ಇದ್ದರೆ ಅದು ಬಿಸಿಲಿನ ಮಾತು, ಬಾಡಿಗೆಯದ್ದಲ್ಲ.

ಗುರಿ ಇಟ್ಟುಕೊಳ್ಳಿ. ಆದರೆ ಗೋಡೆಗೆ ಅಂಟಿಸಬೇಕಾದ ಸಂಖ್ಯೆ ಶೇ 60 ಅಲ್ಲ, ನಿಮ್ಮ ಮನೆಯ ಖರ್ಚಿನಿಂದ ಹುಟ್ಟಿದ 124.